ಮೊದಲು ಕರ್ಸರ್ ಇಡಿ, ಆಮೇಲೆ ಚಕ್ರ ತಿರುಗಿಸಿ

ಪ್ರಶ್ನೆ: ಮೇಡಂ, ನಾನು ಸಾಗರದವನು. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಶಿವಮೊಗ್ಗದ ಒಂದು ಫ್ಯಾಬ್ರಿಕೇಶನ್ ವರ್ಕ್‌ಶಾಪ್ ಸೇರಿದ್ದೇನೆ. ಈಗ ಅಡಿಕೆ ಸುಲಿಯುವ ಯಂತ್ರದ ಫ್ರೇಮು ಬಿಡಿಸುತ್ತಿದ್ದೇನೆ. ಕಾಲೇಜಿನಲ್ಲಿ ಕಲಿತದ್ದು ಒಂದು ಸಾಫ್ಟ್‌ವೇರ್, ಇಲ್ಲಿರೋದು ಇನ್ನೊಂದು. ಕಮಾಂಡ್‌ಗಳು ಗೊತ್ತು, ಆದ್ರೆ ಒಂದು ತೂತಿನ ಹತ್ತಿರ ಹೋಗಿ ನೋಡೋದಕ್ಕೇ ಎರಡು ನಿಮಿಷ ಹಿಡಿಯುತ್ತದೆ. ತಿರುಗಿಸಿದ ತಕ್ಷಣ ಮಾಡೆಲ್ ಎಲ್ಲಿಗೋ ಹಾರಿ ಹೋಗುತ್ತದೆ. ಯಾವ ಸಾಫ್ಟ್‌ವೇರ್ ಇದ್ರೂ ಉಪಯೋಗಕ್ಕೆ ಬರುವಂಥ ಮೌಸ್ ಅಭ್ಯಾಸ ಇದ್ರೆ ಹೇಳಿ.

ಉತ್ತರ: ಮಾಡೆಲ್ ಹಾರಿ ಹೋಗುವುದಕ್ಕೆ ಸರಿಯಾದ ಕಾರಣ ಇದೆ. ಅದು ಗೊತ್ತಾದರೆ ನಿಮ್ಮ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಅದಕ್ಕೆ ಮೊದಲು ಗುಂಡಿಗಳ ವಿಷಯ ಮುಗಿಸಿಬಿಡೋಣ.

ಮೂರು ಆಯಾಮದ ಎಲ್ಲ ಕ್ಯಾಡ್ ಸಾಫ್ಟ್‌ವೇರ್‌ಗಳಲ್ಲೂ ನೋಟ ಬದಲಿಸುವ ಕೆಲಸ ಮೂರೇ. ಝೂಮ್ ಅಂದರೆ ಹತ್ತಿರ ಅಥವಾ ದೂರ ಹೋಗುವುದು, ಪ್ಯಾನ್ ಅಂದರೆ ಪಕ್ಕಕ್ಕೆ ಸರಿಸುವುದು, ಆರ್ಬಿಟ್ ಅಂದರೆ ಸುತ್ತ ತಿರುಗಿಸಿ ನೋಡುವುದು. ಝೂಮ್ ಹೆಚ್ಚುಕಡಿಮೆ ಎಲ್ಲಾ ಕಡೆ ಮೌಸಿನ ಚಕ್ರದಲ್ಲೇ ಇದೆ. ಗಲಿಬಿಲಿ ಆಗುವುದು ಉಳಿದ ಎರಡರಲ್ಲಿ. ಸಾಲಿಡ್‌ವರ್ಕ್ಸ್‌ನಲ್ಲಿ ಚಕ್ರವನ್ನು ಒತ್ತಿ ಹಿಡಿದು ಎಳೆದರೆ ಮಾಡೆಲ್ ತಿರುಗುತ್ತದೆ, ಅದರ ಜೊತೆ Ctrl ಒತ್ತಿದರೆ ಸರಿಯುತ್ತದೆ. ಫ್ಯೂಶನ್‌ನಲ್ಲಿ ಉಲ್ಟಾ. ಚಕ್ರ ಒತ್ತಿ ಎಳೆದರೆ ಸರಿಯುತ್ತದೆ, Shift ಸೇರಿಸಿದರೆ ತಿರುಗುತ್ತದೆ. ಆನ್‌ಶೇಪ್‌ನಲ್ಲಿ ತಿರುಗಿಸುವುದು ಬಲ ಗುಂಡಿ. ಫ್ರೀಕ್ಯಾಡ್‌ನ ಮಾಮೂಲಿ ವ್ಯವಸ್ಥೆಯಲ್ಲಿ ಚಕ್ರ ಒತ್ತಿ ಎಳೆದರೆ ಪ್ಯಾನ್, ಚಕ್ರ ಒತ್ತಿಕೊಂಡೇ ಇನ್ನೊಂದು ಗುಂಡಿಯನ್ನೂ ಒತ್ತಿ ಎಳೆದರೆ ಆರ್ಬಿಟ್.

ಇದನ್ನೆಲ್ಲ ಬಾಯಿಪಾಠ ಮಾಡಬೇಡಿ. ಕೈಗೆ ಒಮ್ಮೆ ಒಂದು ಪದ್ಧತಿ ಕೂತಿದ್ದರೆ ಅದನ್ನೇ ಹೊಸ ಸಾಫ್ಟ್‌ವೇರ್‌ಗೂ ಒಯ್ಯಬಹುದು. ಫ್ಯೂಶನ್‌ನ Preferences ಒಳಗೆ `Pan, Zoom, Orbit shortcuts` ಎಂಬ ಪಟ್ಟಿ ಇದೆ, ಅಲ್ಲಿ ಸಾಲಿಡ್‌ವರ್ಕ್ಸ್ ಪದ್ಧತಿಯನ್ನೇ ಆರಿಸಬಹುದು. ಫ್ರೀಕ್ಯಾಡ್‌ನಲ್ಲೂ ನ್ಯಾವಿಗೇಶನ್ ಪದ್ಧತಿ ಬದಲಿಸುವ ಪಟ್ಟಿ ಕಿಟಕಿಯ ಕೆಳಗಿನ ಪಟ್ಟಿಯಲ್ಲೇ ಸಿಗುತ್ತದೆ. ಹಾಗೆಯೇ ಚಕ್ರದ ದಿಕ್ಕು. ಸಾಲಿಡ್‌ವರ್ಕ್ಸ್‌ನಲ್ಲಿ ಚಕ್ರವನ್ನು ನಮ್ಮ ಕಡೆಗೆ ಉರುಳಿಸಿದರೆ ಹತ್ತಿರ ಬರುತ್ತದೆ, ಬೇರೆ ಎಷ್ಟೋ ಕಡೆ ಮುಂದಕ್ಕೆ ಉರುಳಿಸಿದರೆ ಹತ್ತಿರ. ಸಾಲಿಡ್‌ವರ್ಕ್ಸ್‌ನ System Options ಒಳಗೆ View ಭಾಗದಲ್ಲಿ `Reverse mouse wheel zoom direction` ಇದೆ. ಟಿಕ್ ಹಾಕಿದರೆ ದಿಕ್ಕು ಬದಲು. ಕಾಲೇಜಿನಲ್ಲಿ ಕೈಗೆ ಬಂದದ್ದನ್ನೇ ಇಲ್ಲೂ ಇಟ್ಟುಕೊಳ್ಳಿ. ಒಂದೇ ಎಚ್ಚರ, ಆ ಕಂಪ್ಯೂಟರ್ ಇಬ್ಬರು ಬಳಸುವುದಾದರೆ ಇನ್ನೊಬ್ಬರನ್ನು ಕೇಳಿ ಬದಲಿಸಿ.

ಈಗ ನಿಮ್ಮ ತೂತಿನ ವಿಷಯಕ್ಕೆ ಬರೋಣ. ನಿಮ್ಮ ಫ್ರೇಮಿನ ಅಳತೆ ನನಗೆ ಗೊತ್ತಿಲ್ಲ. ಉದ್ದ 1200 ಮಿ.ಮೀ, ಎತ್ತರ 900 ಮಿ.ಮೀ ಅಂತ ಇಟ್ಟುಕೊಳ್ಳೋಣ. 50 ಮಿ.ಮೀ ಎಲ್ ಆಂಗಲ್, 6 ಮಿ.ಮೀ ದಪ್ಪ. ಮೇಲಿನ ಎರಡು ತುದಿಯಲ್ಲಿ ರೋಲರ್ ಶಾಫ್ಟ್ ಹೊರುವ UCP205 ಪ್ಲಮ್ಮರ್ ಬ್ಲಾಕ್‌ಗಳು. ಅವನ್ನು ಕೂರಿಸಲು 105 ಮಿ.ಮೀ ಅಂತರದಲ್ಲಿ ಎರಡೆರಡು ತೂತು, ಎಂ10 ಬೋಲ್ಟಿಗೆ 11 ಮಿ.ಮೀ.

ಪೂರ್ತಿ ಫ್ರೇಮು ಪರದೆಯಲ್ಲಿ ಕಾಣುವಾಗ 1 ಮಿ.ಮೀಗೆ ಹೆಚ್ಚುಕಡಿಮೆ 1 ಪಿಕ್ಸೆಲ್ ಸಿಗುತ್ತದೆ. ಅಂದರೆ ನಿಮ್ಮ ತೂತು ಬರೀ 11-12 ಪಿಕ್ಸೆಲ್‌ನ ಚುಕ್ಕಿ. ಅದರ ಅಂಚು, ವಾಷರ್, ಪಕ್ಕದ ವೆಲ್ಡಿಂಗ್ ಎಲ್ಲ ಸ್ಪಷ್ಟ ಕಾಣಬೇಕು ಅಂದರೆ ಸುಮಾರು 20 ಪಟ್ಟು ದೊಡ್ಡದಾಗಬೇಕು. ಇಲ್ಲೇ ಹೊಸಬರು ಎಡವುವುದು. ಕರ್ಸರ್ ಎಲ್ಲೋ ಪರದೆಯ ನಡುವೆ ಇರುತ್ತದೆ, ಕಣ್ಣು ತೂತಿನ ಮೇಲೆ ಇರುತ್ತದೆ, ಬೆರಳು ಚಕ್ರ ಉರುಳಿಸಲು ಶುರು ಮಾಡಿಬಿಡುತ್ತದೆ.

ಚಕ್ರದ ಝೂಮ್ ಹೇಗೆ ನಡೆಯುತ್ತದೆ ಅಂದರೆ, ಕರ್ಸರ್‌ನ ಕೆಳಗಿರುವ ಜಾಗ ಪರದೆಯಲ್ಲಿ ಇದ್ದಲ್ಲೇ ಇರುತ್ತದೆ. ಉಳಿದದ್ದೆಲ್ಲ ಆ ಜಾಗದಿಂದ ಆಚೆಗೆ ಸರಿಯುತ್ತದೆ. ಕರ್ಸರ್ ತೂತಿನಿಂದ ಬರೀ 30 ಪಿಕ್ಸೆಲ್ ಆಚೆ ಇತ್ತು ಅಂತಿಟ್ಟುಕೊಳ್ಳಿ. ಮಾಮೂಲಿ ಮಾನಿಟರ್‌ನಲ್ಲಿ ಅದು ಒಂದು ಸೆಂಟಿಮೀಟರ್ ಕೂಡ ಅಲ್ಲ. 20 ಪಟ್ಟು ಝೂಮ್ ಆದ ಮೇಲೆ ಆ ತೂತು ಕರ್ಸರ್‌ನಿಂದ 600 ಪಿಕ್ಸೆಲ್ ದೂರ ಹೋಗಿರುತ್ತದೆ. ನಿಮ್ಮ ಪರದೆಯ ಎತ್ತರವೇ 1080 ಪಿಕ್ಸೆಲ್. ಹಾಗಾಗಿ ತೂತು ಮೇಲಕ್ಕೋ ಕೆಳಕ್ಕೋ ಹೊರಗೆ ಹೋಗಿಬಿಡುತ್ತದೆ. ನಿಮ್ಮ ಕಣ್ಣ ಮುಂದೆ ಉಳಿಯುವುದು ಬರೀ ಬೂದು ಬಣ್ಣದ ಒಂದು ಆಂಗಲ್ ಮೈ. ಆಗ ಪ್ಯಾನ್ ಹಿಡಿದು ಹುಡುಕಾಟ ಶುರು. ನಿಮ್ಮ ಎರಡು ನಿಮಿಷ ಹೋಗುತ್ತಿರುವುದು ಇಲ್ಲೇ.

ಹಾಗಾಗಿ ಮೊದಲ ಅಭ್ಯಾಸ ಇದು. ಕಣ್ಣು ಎಲ್ಲಿಗೆ ಹೋಯಿತೋ ಕರ್ಸರ್ ಅಲ್ಲಿಗೆ ಹೋಗಲಿ, ನಿಲ್ಲಲಿ, ಆಮೇಲೆ ಚಕ್ರ ಉರುಳಲಿ. ಒಂದೇ ಏಟಿಗೆ 20 ಪಟ್ಟು ಹೋಗಬೇಡಿ. ನಾಲ್ಕೈದು ಹಲ್ಲು ಉರುಳಿಸಿ, ನಿಲ್ಲಿಸಿ. ಈಗ ತೂತು ಸ್ವಲ್ಪ ದೊಡ್ಡದಾಗಿದೆ, ಗುರಿ ಸುಲಭ. ಕರ್ಸರನ್ನು ಮತ್ತೆ ಅದರ ಅಂಚಿಗೆ ತನ್ನಿ, ಉಳಿದಷ್ಟು ಉರುಳಿಸಿ. ಹೇಳುವುದಕ್ಕೆ ಉದ್ದ ಅನಿಸುತ್ತದೆ, ಮಾಡುವುದಕ್ಕೆ ಎರಡು ಸೆಕೆಂಡ್ ಸಾಕು.

ಇದೇ ಗುಣದಿಂದ ಇನ್ನೊಂದು ಲಾಭ ಇದೆ. ಎಡ ತುದಿಯ ತೂತು ನೋಡಿ ಆಯಿತು, ಈಗ 1200 ಮಿ.ಮೀ ಆಚೆಯ ಬಲ ತುದಿಗೆ ಹೋಗಬೇಕು. ಹೆಚ್ಚಿನವರು ಅದೇ ದೊಡ್ಡ ನೋಟದಲ್ಲಿ ಪ್ಯಾನ್ ಮಾಡುತ್ತಾ ಹೋಗುತ್ತಾರೆ. 20 ಪಟ್ಟು ಝೂಮ್‌ನಲ್ಲಿ ಪರದೆಯ ಅಗಲಕ್ಕೆ ಕಾಣುವುದು ಸುಮಾರು 90 ಮಿ.ಮೀ ಮಾತ್ರ. ಅಂದರೆ ಹದಿಮೂರು ಪರದೆಯಷ್ಟು ಎಳೆಯಬೇಕು. ಅದರ ಬದಲು ಚಕ್ರವನ್ನು ಉಲ್ಟಾ ದಿಕ್ಕಿಗೆ ಉರುಳಿಸಿ ಪೂರ್ತಿ ಫ್ರೇಮು ಕಾಣುವಷ್ಟು ದೂರ ಬನ್ನಿ. ಕರ್ಸರನ್ನು ಬಲ ತುದಿಯ ತೂತಿಗೆ ಇಡಿ. ಮತ್ತೆ ಒಳಗೆ ಹೋಗಿ. ನಡುವೆ ಪ್ಯಾನ್ ಬೇಕಾಗಲೇ ಇಲ್ಲ ನೋಡಿ. ನಾನು ದಿನವಿಡೀ ಕೆಲಸ ಮಾಡುವಾಗ ಓಡಾಟಕ್ಕೆ ಬಳಸುವುದು ಇದನ್ನೇ. ಪ್ಯಾನ್ ಇಟ್ಟುಕೊಂಡಿರುವುದು ಒಂದೇ ಅಳತೆಯಲ್ಲಿ ಒಂದು ಗೆರೆ ಹಿಡಿದು ಹೋಗುವಾಗ ಮಾತ್ರ. ಉದಾಹರಣೆಗೆ ಒಂದು ವೆಲ್ಡಿಂಗ್ ಗೆರೆ ಎಲ್ಲೂ ಬಿಟ್ಟುಹೋಗಿಲ್ಲ ತಾನೆ ಅಂತ ಉದ್ದಕ್ಕೂ ನೋಡುವಾಗ.

ಪೂರ್ತಿ ನೋಟಕ್ಕೆ ವಾಪಸ್ ಬರಲು ಚಕ್ರವನ್ನೇ ಉರುಳಿಸಬೇಕೆಂದಿಲ್ಲ. ಸಾಲಿಡ್‌ವರ್ಕ್ಸ್, ಆನ್‌ಶೇಪ್‌ಗಳಲ್ಲಿ `F`, ಫ್ಯೂಶನ್‌ನಲ್ಲಿ `F6`, ಫ್ರೀಕ್ಯಾಡ್‌ನಲ್ಲಿ `V` ಒತ್ತಿ ಆಮೇಲೆ `F`. ಸಾಲಿಡ್‌ವರ್ಕ್ಸ್, ಫ್ಯೂಶನ್, ಆಟೋಕ್ಯಾಡ್‌ಗಳಲ್ಲಿ ಚಕ್ರವನ್ನು ಎರಡು ಸಲ ಬೇಗ ಬೇಗ ಒತ್ತಿದರೂ ಆಯಿತು. ದಾರಿ ತಪ್ಪಿತು ಅನಿಸಿದ ಕೂಡಲೇ ಇದನ್ನು ಒತ್ತಿ. ಚಕ್ರವನ್ನು ಹಿಂದೆ ಮುಂದೆ ಮೂರು ಸಲ ಉರುಳಿಸಿದಿರಿ ಅಂದರೆ ನಿಮಗೆ ದಾರಿ ತಪ್ಪಿದೆ ಅಂತಲೇ ಅರ್ಥ.

ಇನ್ನು ಹಾರಿ ಹೋಗುವ ವಿಷಯ. ಆಲೆಮನೆಯ ಗಾಣದ ನೊಗ ನೆನಪಿಸಿಕೊಳ್ಳಿ. ನಡುವಿನ ಕಂಬ ಇದ್ದಲ್ಲೇ ಇರುತ್ತದೆ, ತುದಿಗೆ ಕಟ್ಟಿದ ಕೋಣ ಮಾತ್ರ ಮೈಲಿಗಟ್ಟಲೆ ನಡೆಯುತ್ತದೆ. ಆರ್ಬಿಟ್ ಕೂಡ ಹಾಗೇ, ಯಾವುದೋ ಒಂದು ಬಿಂದುವನ್ನು ಕಂಬ ಮಾಡಿಕೊಂಡು ತಿರುಗುತ್ತದೆ. ನೀವು ಹೇಳದೆ ಇದ್ದರೆ ಎಷ್ಟೋ ಸಲ ಸಾಫ್ಟ್‌ವೇರ್ ಇಡೀ ಮಾಡೆಲ್‌ನ ನಡುವನ್ನೇ ಕಂಬ ಮಾಡಿಕೊಳ್ಳುತ್ತದೆ. ನಿಮ್ಮ ತೂತು ಆ ನಡುವಿನಿಂದ ಅಡ್ಡಕ್ಕೆ ಸುಮಾರು 550 ಮಿ.ಮೀ ದೂರ. 30 ಡಿಗ್ರಿ ತಿರುಗಿಸಿದರೆ ಅದು 280 ಮಿ.ಮೀಗಿಂತ ಜಾಸ್ತಿ ಸರಿಯುತ್ತದೆ. ಅದರಲ್ಲಿ ಒಂದಿಷ್ಟು ನಮ್ಮ ಕಡೆಗೋ ಆಚೆ ಕಡೆಗೋ ಹೋಗಿ ಕಣ್ಣಿಗೆ ಕಾಣದೆ ಇರಬಹುದು. ಆದರೂ ಮೂಲೆಯಿಂದ ನೋಡುವಾಗ ಪಕ್ಕಕ್ಕೆ 140 ಮಿ.ಮೀಯಾದರೂ ಸರಿಯುತ್ತದೆ. ಪರದೆಯಲ್ಲಿ ಕಾಣುತ್ತಿರುವುದೇ 90 ಮಿ.ಮೀ! ತೂತು ಮಾಯ.

ಪರಿಹಾರ ಏನು ಅಂದರೆ, ತಿರುಗಿಸುವ ಮೊದಲು ಕಂಬವನ್ನು ತೂತಿನ ಹತ್ತಿರ ನೆಡುವುದು. ಸಾಲಿಡ್‌ವರ್ಕ್ಸ್‌ನಲ್ಲಿ ತೂತಿನ ಅಂಚಿನ ಮೇಲೋ ಪಕ್ಕದ ಮೈಯ ಮೇಲೋ ಚಕ್ರವನ್ನು ಒಮ್ಮೆ ಒತ್ತಿ ಬಿಡಿ, ಆಮೇಲೆ ಒತ್ತಿ ಹಿಡಿದು ಎಳೆಯಿರಿ. ಅದರ ಸುತ್ತಲೇ ತಿರುಗುತ್ತದೆ. ಫ್ಯೂಶನ್‌ನ ಮೂಲ ಪದ್ಧತಿಯಲ್ಲಿ Shift ಹಿಡಿದು ಚಕ್ರ ಒತ್ತಿ ಬಿಟ್ಟರೆ ಆ ಜಾಗ ಕಂಬ ಆಗುತ್ತದೆ. ಫ್ರೀಕ್ಯಾಡ್‌ನಲ್ಲಿ Preferences ಒಳಗಿನ Display, ಅದರ Navigation ಹಾಳೆಯಲ್ಲಿ `Rotation mode` ಇದೆ. ಅದನ್ನು `Drag at cursor` ಮಾಡಿಟ್ಟರೆ ಎಳೆಯಲು ಶುರು ಮಾಡಿದ ಜಾಗವೇ ಕಂಬ, ಪ್ರತಿ ಸಲ ಹೇಳಬೇಕಿಲ್ಲ. ಬೇರೆ ಸಾಫ್ಟ್‌ವೇರ್ ಬಂದರೆ ಮೊದಲ ದಿನವೇ ಇದೊಂದನ್ನು ಹುಡುಕಿಡಿ. ಸಿಗುವ ಹೆಸರು ಪಿವಟ್, ಆರ್ಬಿಟ್ ಸೆಂಟರ್ ಅಥವಾ ರೊಟೇಶನ್ ಸೆಂಟರ್ ಅಂತ ಇರುತ್ತದೆ.

ಇಲ್ಲಿ ಒಂದು ಹೊಂಡ ಇದೆ, ಕಾಲಿಡುವ ಮೊದಲು ನೋಡಿಕೊಳ್ಳಿ. ಕರ್ಸರನ್ನು ತೂತಿನ ಒಳಗೇ ಇಟ್ಟು ಕಂಬ ನೆಟ್ಟರೆ ಕೆಲಸ ಕೆಡುತ್ತದೆ. ತೂತಿನಲ್ಲಿ ಏನೂ ಇಲ್ಲ ಅಲ್ವಾ? ಸಾಫ್ಟ್‌ವೇರ್ ಆ ತೂತಿನ ಮೂಲಕ ಆಚೆ ನೋಡಿ, 800 ಮಿ.ಮೀ ಕೆಳಗಿರುವ ಮೋಟಾರ್ ಪ್ಲೇಟನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ತಿರುಗಿಸಿದರೆ ಮತ್ತೆ ಹಾರಿ ಹೋಯಿತು. ನೀವು ಸರಿಯಾಗೇ ಮಾಡಿದ್ದೀರಿ ಅನಿಸುತ್ತದೆ, ಆದರೂ ತಪ್ಪುತ್ತದೆ. ಯಾವಾಗಲೂ ತೂತಿನ ಅಂಚನ್ನೋ ಅದರ ಪಕ್ಕದ ಲೋಹದ ಮೈಯನ್ನೋ ಹಿಡಿಯಿರಿ. ಸರಿಯಾಯಿತಾ ಅಂತ ತಿಳಿಯಲು ಐದು ಡಿಗ್ರಿಯಷ್ಟು ಸಣ್ಣಗೆ ಅಲ್ಲಾಡಿಸಿ ನೋಡಿ. ತೂತು ಇದ್ದಲ್ಲೇ ಇದ್ದು ಹಿಂದಿನದು ಸರಿದರೆ ಕಂಬ ಸರಿಯಾದ ಕಡೆ ಇದೆ. ತೂತೇ ಸರಿದರೆ ಬಿಟ್ಟು ಮತ್ತೆ ಹಿಡಿಯಿರಿ.

ಈಗ ಎರಡೂ ಅಭ್ಯಾಸ ಸೇರಿಸಿ ನಿಮ್ಮ ಫ್ರೇಮಿನ ಮೇಲೆ ಒಂದು ನಿಜವಾದ ಕೆಲಸ ಮಾಡೋಣ. ಪ್ಲಮ್ಮರ್ ಬ್ಲಾಕ್ ಬೋಲ್ಟಿನ ನಟ್ ಕೆಳಗಿನಿಂದ ಸರಿಯಾಗಿ ಕೂರುತ್ತದಾ ಅಂತ ನೋಡಬೇಕು. ತೂತನ್ನು ಆಂಗಲ್‌ನ ಬೆನ್ನಿನಿಂದ 20 ಮಿ.ಮೀಗೆ ಇಟ್ಟಿದ್ದೀರಿ ಅನ್ನೋಣ. ಮೇಲಿಂದ ನೋಡಿದರೆ ಎಲ್ಲ ಚೆನ್ನಾಗಿದೆ. ಬ್ಲಾಕಿನ ಪಾದ 38 ಮಿ.ಮೀ ಅಗಲ, 50 ಮಿ.ಮೀ ಆಂಗಲ್ ಮೇಲೆ ಕೂತಿದೆ.

`F` ಅಥವಾ ನಿಮ್ಮ ಸಾಫ್ಟ್‌ವೇರ್‌ನಲ್ಲಿ ಆ ಕೆಲಸಕ್ಕಿರುವ ಕೀ ಒತ್ತಿ ಪೂರ್ತಿ ಫ್ರೇಮು ತನ್ನಿ. ಎಡ ತುದಿಯ ಬ್ಲಾಕಿನ ಮೇಲೆ ಕರ್ಸರ್ ಇಟ್ಟು ಐದು ಹಲ್ಲು ಒಳಗೆ ಹೋಗಿ. ಬೋಲ್ಟಿನ ಪಕ್ಕದ ಆಂಗಲ್ ಮೈಗೆ ಕರ್ಸರ್ ತಂದು ಇನ್ನೂ ಐದಾರು ಹಲ್ಲು. ಅದೇ ಮೈ ಮೇಲೆ ಕಂಬ ನೆಡಿ. ಈಗ ಮೌಸನ್ನು ನಿಧಾನಕ್ಕೆ ಎಳೆದು ಆಂಗಲ್‌ನ ಅಡಿಭಾಗ ಕಾಣುವಷ್ಟು ತಿರುಗಿಸಿ. ಬೋಲ್ಟು ಪರದೆಯ ನಡುವೆಯೇ ಇದ್ದು, ಇಡೀ ಫ್ರೇಮು ಅದರ ಸುತ್ತ ತಿರುಗಿದ ಹಾಗೆ ಕಾಣಬೇಕು. ನಿಮ್ಮ ಹೊಟ್ಟೆ ಮೇಲೆ ಮಾಡಿ ಫ್ರೇಮಿನ ಕೆಳಗೆ ಮಲಗಿದರೆ ಏನು ಕಾಣುತ್ತದೋ ಅದು ಈಗ ಪರದೆಯ ಮೇಲಿದೆ.

ನಟ್ ಮತ್ತು ಆಂಗಲ್‌ನ ನಿಂತ ಕಾಲಿನ ನಡುವೆ ಕರ್ಸರ್ ಇಟ್ಟು ಇನ್ನೊಂದಿಷ್ಟು ಹತ್ತಿರ ಹೋಗಿ. ತೂತಿನ ನಡುವಿನಿಂದ ನಿಂತ ಕಾಲಿನ ಒಳಮೈಗೆ 14 ಮಿ.ಮೀ, ಯಾಕೆಂದರೆ 20ರಲ್ಲಿ ದಪ್ಪ 6 ಹೋಯಿತು. ಎಂ10 ವಾಷರ್‌ನ ಹೊರವ್ಯಾಸ 20, ಅಂದರೆ ಅರ್ಧ 10. ಉಳಿದದ್ದು 4 ಮಿ.ಮೀ. ಆದರೆ ಆಂಗಲ್‌ನ ಒಳಮೂಲೆ ಚೂಪಾಗಿರುವುದಿಲ್ಲ, ಉರುಟಾಗಿರುತ್ತದೆ. ನೀವು ಅಲ್ಲಿ 6 ಮಿ.ಮೀ ರೇಡಿಯಸ್ ಬಿಡಿಸಿದ್ದರೆ ವಾಷರ್‌ನ ಅಂಚು ಆ ಉರುಟಿನ ಮೇಲೆ ಹತ್ತಿ ಕೂತಿರುವುದು ಕಣ್ಣಿಗೆ ಕಾಣುತ್ತದೆ. ಬೋಲ್ಟು ಬಿಗಿ ಮಾಡಿದಾಗ ವಾಷರ್ ಓರೆಯಾಗುತ್ತದೆ. ಅಡಿಕೆ ಸುಲಿಯುವ ಯಂತ್ರದ ಅದುರಾಟಕ್ಕೆ ಅಂಥ ಬೋಲ್ಟು ಸಡಿಲ ಆಗುವುದು ಖಂಡಿತ. ತೂತನ್ನು ಬೆನ್ನಿನಿಂದ 25 ಮಿ.ಮೀಗೆ ಸರಿಸಿದರೆ ವಾಷರ್ ಆಚೆಗೆ 9 ಮಿ.ಮೀ ಜಾಗ ಉಳಿಯುತ್ತದೆ, ಉರುಟು ದಾಟಿತು. ಬ್ಲಾಕಿನ ಪಾದವೂ ಎರಡು ಕಡೆ 6 ಮಿ.ಮೀ ಬಿಟ್ಟು ನಡುವಿಗೆ ಬರುತ್ತದೆ. ಒಳಮೂಲೆಯನ್ನು ಚೂಪಾಗಿ ಬಿಡಿಸಿದ್ದರೆ ಮಾತ್ರ ಎಷ್ಟು ಹತ್ತಿರ ಹೋದರೂ ಈ ತಪ್ಪು ಕಾಣುವುದಿಲ್ಲ, ಅದು ನೋಟದ ಕೊರತೆ ಅಲ್ಲ, ಮಾಡೆಲ್‌ನದು.

ತೂತು ಸರಿಸುವ ಕಮಾಂಡ್ ನಡೆಯುತ್ತಿರುವಾಗಲೂ ಈ ಓಡಾಟ ನಿಲ್ಲಬಾರದು. ಹೊಸಬರು ಹತ್ತಿರ ನೋಡಬೇಕು ಅಂದರೆ `Esc` ಒತ್ತಿ ಕಮಾಂಡ್ ಬಿಟ್ಟು, ಮೇಲಿನ ಕೈ ಚಿತ್ರದ ಪ್ಯಾನ್ ಗುಂಡಿ ಒತ್ತಿ, ಸರಿಸಿ, ಮತ್ತೆ ಕಮಾಂಡ್ ಶುರು ಮಾಡುವುದನ್ನು ನೋಡಿದ್ದೇನೆ. ಇದರ ಅಗತ್ಯವೇ ಇಲ್ಲ. ಗೆರೆಯ ಒಂದು ತುದಿ ಕ್ಲಿಕ್ ಮಾಡಿ, ಚಕ್ರದಿಂದ ದೂರ ಬಂದು, ಇನ್ನೊಂದು ತುದಿಗೆ ಹೋಗಿ ಅದನ್ನು ಕ್ಲಿಕ್ ಮಾಡಬಹುದು. ಗೆರೆ ಕೈಬಿಡುವುದಿಲ್ಲ. ನೋಟಕ್ಕೆ ಚಕ್ರ, ಆಯ್ಕೆಗೆ ಎಡ ಗುಂಡಿ, ಎರಡನ್ನೂ ಬೆರೆಸಬೇಡಿ.

ಬೆರೆಸಿದ್ದರಿಂದ ಏನಾಗುತ್ತದೆ ಅನ್ನುವುದು ನನಗೆ ಅನುಭವದಿಂದ ಗೊತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಪಂಪಿನ ಎರಕದ ಅಸೆಂಬ್ಲಿ ನೋಡುತ್ತಿದ್ದೆ. ತಿರುಗಿಸಲು ಹೋಗಿ ಎಡ ಗುಂಡಿ ಹಿಡಿದು ಎಳೆದೆ. ಸರಿಯಾಗಿ ಮೇಟ್ ಆಗದೆ ಇದ್ದ ಕೋರ್ ಸ್ವಲ್ಪ ಸರಿಯಿತು. ದೊಡ್ಡ ನೋಟದಲ್ಲಿದ್ದೆನಾದ್ದರಿಂದ ಮಾಡೆಲ್ ತಿರುಗಿತು ಅಂದುಕೊಂಡು ಸೇವ್ ಮಾಡಿದೆ. ಪ್ಯಾಟರ್ನ್ ಮಾಡುವವರು ಡ್ರಾಯಿಂಗ್ ನೋಡಿ, ಒಂದು ಬದಿಯ ಗೋಡೆ ಯಾಕೆ ತೆಳು ಅಂತ ಕೇಳಿದಾಗಲೇ ತಿಳಿದದ್ದು. ಅವರ ಕಣ್ಣಿಗೆ ಬೀಳದಿದ್ದರೆ ಎರಕವೇ ಹಾಳಾಗುತ್ತಿತ್ತು. ಆ ದಿನದಿಂದ ಎಡ ಗುಂಡಿಯಿಂದ ಎಳೆಯುವ ಮೊದಲು ಏನನ್ನು ಹಿಡಿದಿದ್ದೇನೆ ಅಂತ ನೋಡಿಕೊಳ್ಳುತ್ತೇನೆ. ಜೋಡಣೆಯಲ್ಲಿ ಯಾವುದೋ ಭಾಗ ಮಾತ್ರ ಸರಿದು ಹಿಂದಿನದು ಇದ್ದಲ್ಲೇ ಇದ್ದರೆ ನೋಟ ಬದಲಾಗಿಲ್ಲ, ವಸ್ತುವೇ ಸರಿದಿದೆ. ತಕ್ಷಣ `Ctrl+Z`.

ಇನ್ನೊಂದು ತೊಂದರೆ ನಿಮಗೆ ಮುಂದೆ ಬಂದೇ ಬರುತ್ತದೆ, ಈಗಲೇ ಹೇಳಿಬಿಡುತ್ತೇನೆ. `F` ಒತ್ತಿದಾಗ ಫ್ರೇಮು ಪರದೆ ತುಂಬದೆ, ಒಂದು ಮೂಲೆಯಲ್ಲಿ ಚುಕ್ಕಿಯ ಹಾಗೆ ಕಂಡರೆ ಮೌಸಿನ ತಪ್ಪಲ್ಲ. ಎಲ್ಲೋ ದೂರದಲ್ಲಿ ಇನ್ನೊಂದು ವಸ್ತು ಬಿದ್ದಿದೆ. ಹೊರಗಿನಿಂದ ತಂದ ಬೇರಿಂಗ್ ಮಾಡೆಲ್ ತನ್ನದೇ ಮೂಲಬಿಂದು ಹಿಡಿದು ಹತ್ತು ಮೀಟರ್ ಆಚೆ ಕೂತಿರಬಹುದು, ಅಥವಾ ಮರೆತ ಒಂದು ಸ್ಕೆಚ್ ಗೆರೆ ಇರಬಹುದು. ಪರದೆಯ ಪಕ್ಕದಲ್ಲಿರುವ ಭಾಗಗಳ ಪಟ್ಟಿಯಲ್ಲಿ ಒಂದೊಂದನ್ನೇ ಮರೆಮಾಡಿ `F` ಒತ್ತುತ್ತಾ ಹೋಗಿ. ಯಾವುದನ್ನು ಮರೆಮಾಡಿದಾಗ ಫ್ರೇಮು ಪರದೆ ತುಂಬಿತೋ ಅದೇ ಕಳ್ಳ. ಇದನ್ನು ಸರಿ ಮಾಡದೆ ಹೋದರೆ ಮಾಡೆಲ್‌ನ ನಡು ಅನ್ನುವುದೇ ಖಾಲಿ ಜಾಗಕ್ಕೆ ಹೋಗಿರುತ್ತದೆ, ಆರ್ಬಿಟ್ ಕೂಡ ಕೆಡುತ್ತದೆ.

ಕೊನೆಗೆ ಮೌಸು. ಲ್ಯಾಪ್‌ಟಾಪಿನ ಟಚ್‌ಪ್ಯಾಡ್‌ನಲ್ಲಿ ಈ ಕೆಲಸ ಮಾಡುತ್ತಿದ್ದರೆ ಮೊದಲು ಅದನ್ನು ಬಿಡಿ. ಚಕ್ರ ಇರುವ ಮಾಮೂಲಿ ಮೌಸ್ ಸಾಕು, ದುಬಾರಿಯದು ಬೇಡ. ಆದರೆ ಅಂಗಡಿಯಲ್ಲಿ ಚಕ್ರವನ್ನು ಒತ್ತಿ ನೋಡಿ ತನ್ನಿ. ಕೆಲವದರಲ್ಲಿ ಒತ್ತುವುದು ಎಷ್ಟು ಬಿಗಿ ಇರುತ್ತದೆ ಅಂದರೆ ಒತ್ತುವಾಗ ಚಕ್ರವೂ ಉರುಳಿಬಿಡುತ್ತದೆ. ಅಂಥ ಮೌಸಿನಲ್ಲಿ ಪ್ರತಿ ಸಲ ತಿರುಗಿಸಲು ಶುರು ಮಾಡಿದಾಗ ನೋಟ ಒಂದು ಹಲ್ಲು ಹತ್ತಿರಕ್ಕೋ ದೂರಕ್ಕೋ ಜಿಗಿಯುತ್ತದೆ. ಈಗಿನ ಮೌಸಿನಲ್ಲೂ ಹಾಗೆ ಜಿಗಿಯುತ್ತಿದ್ದರೆ ಒಮ್ಮೆ ಬೆರಳು ಬದಲಿಸಿ ನೋಡಿ. ತೋರುಬೆರಳು ಎಡ ಗುಂಡಿಯ ಮೇಲೇ ಇರಲಿ, ಚಕ್ರಕ್ಕೆ ನಡುಬೆರಳು, ಬಲ ಗುಂಡಿಗೆ ಉಂಗುರದ ಬೆರಳು. ಮೊದಲೆರಡು ದಿನ ಕೈ ನೋಯಬಹುದು. ಆದರೆ ಬೆರಳು ಗುಂಡಿಯಿಂದ ಚಕ್ರಕ್ಕೆ, ಚಕ್ರದಿಂದ ಗುಂಡಿಗೆ ಹಾರುವುದು ನಿಂತು, ನೋಡುತ್ತಾ ನೋಡುತ್ತಲೇ ಕ್ಲಿಕ್ ಮಾಡಬಹುದು. ಬೆರಳು ಬದಲಿಸಿದ ಮೇಲೂ ಜಿಗಿದರೆ ಬೇರೆ ಮೌಸ್ ತನ್ನಿ.